ಆಲ್ಡೊಸ್ಟೆರೋನ್–ರೆನಿನ್ ಅನುಪಾತ: ಎಳೆವಯಸ್ಸಿನ ಹಿಡಿತಕ್ಕೆ ಬಾರದ ರಕ್ತದೊತ್ತಡದಲ್ಲಿ

ಒಂದೇ ಸಲಕ್ಕೆ ತೆಗೆದ ರಕ್ತದಲ್ಲಿರುವ ಆಲ್ಡೊಸ್ಟೆರೋನ್ ಹಾರ್ಮೋನಿನ ಪ್ರಮಾಣವನ್ನು ರೆನಿನ್ ಕಿಣ್ವದ ಪ್ರಮಾಣದಿಂದ ಭಾಗಿಸಿದಾಗ ಸಿಗುವ ಸಂಖ್ಯೆಯೇ ಆಲ್ಡೊಸ್ಟೆರೋನ್–ರೆನಿನ್ ಅನುಪಾತ. ಅಡ್ರೀನಲ್ ಗ್ರಂಥಿ ದೇಹದ ಅಪ್ಪಣೆಗೆ ಕಾಯದೆ ತಾನಾಗಿಯೇ ಆಲ್ಡೊಸ್ಟೆರೋನನ್ನು ಸುರಿಸುತ್ತಿದೆಯೇ ಎಂದು ತಿಳಿಯಲು ಮಾಡುವ ಮೊದಲ ಪರೀಕ್ಷೆ ಇದು. ಹಾಗೆ ಸುರಿಸುವ ಸ್ಥಿತಿಗೆ ಪ್ರಾಥಮಿಕ ಆಲ್ಡೊಸ್ಟೆರೋನಿಸಮ್ ಎಂದು ಹೆಸರು. ಅದರಲ್ಲಿ ಒಂದೇ ಗ್ರಂಥಿಯ ಗಡ್ಡೆಯಿಂದ ಬರುವ ಬಗೆಯನ್ನು ಕಾನ್ ಸಿಂಡ್ರೋಮ್ ಎಂದೂ ಕರೆಯುತ್ತಾರೆ. ಮೂರು ಬಗೆಯ ಬಿ.ಪಿ. ಮಾತ್ರೆಗಳನ್ನು ತಪ್ಪದೆ ನುಂಗಿದರೂ ಒತ್ತಡ ಇಳಿಯದ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಈ ತೊಂದರೆ ಇರುತ್ತದೆ. ರೋಗಿ ಇಪ್ಪತ್ತು ಮೂವತ್ತರ ವಯಸ್ಸಿನವರಾದರೆ ಅನುಮಾನಕ್ಕೆ ಕಾರಣ ಇನ್ನೂ ಹೆಚ್ಚು. ಆದರೆ ಭಾಗಾಕಾರದಿಂದ ಬಂದ ಸಂಖ್ಯೆಯೊಂದನ್ನೇ ನೋಡಿ ತೀರ್ಮಾನಿಸುವುದರಿಂದ ಈ ಪರೀಕ್ಷೆ ಎರಡೂ ಕಡೆ ದಾರಿ ತಪ್ಪಿಸುತ್ತದೆ. ಮೊದಲು ರೆನಿನ್, ಆಮೇಲೆ ಆಲ್ಡೊಸ್ಟೆರೋನ್, ಕೊನೆಗೆ ಅನುಪಾತ, ಈ ಮೂರರ ಪಕ್ಕದಲ್ಲಿ ರೋಗಿ ನುಂಗುತ್ತಿರುವ ಮಾತ್ರೆಗಳ ಪಟ್ಟಿ: ಈ ಕ್ರಮದಲ್ಲಿ ಓದಿದರೆ ಸೊರಬ, ಶಿಕಾರಿಪುರದಂಥ ತಾಲ್ಲೂಕು ಕೇಂದ್ರದಿಂದ ಕಳಿಸಿದ ಒಂದು ನಳಿಕೆ ರಕ್ತವೂ ಸ್ಪಷ್ಟ ಉತ್ತರ ಕೊಡಬಲ್ಲದು. ಅದಕ್ಕಾಗಿ ಎಲ್ಲ ಮಾತ್ರೆಗಳನ್ನು ನಿಲ್ಲಿಸುವವರೆಗೆ ಕಾಯಬೇಕಾಗಿಲ್ಲ, ಪೊಟ್ಯಾಸಿಯಮ್ ಕುಸಿಯುವವರೆಗಂತೂ ಕಾಯಲೇಬಾರದು.

ವ್ಯವಸ್ಥೆ ಮತ್ತು ಅದರ ಕೆಡುಕು

ರೆನಿನ್ ಹುಟ್ಟುವುದು ಮೂತ್ರಪಿಂಡದಲ್ಲಿ. ಅಲ್ಲಿಗೆ ಬರುವ ರಕ್ತದ ಒತ್ತಡ ತಗ್ಗಿದಾಗ ಅಥವಾ ದೇಹದಲ್ಲಿ ಉಪ್ಪು ಕಡಿಮೆಯಾದಾಗ ರೆನಿನ್ ಹೊರಬೀಳುತ್ತದೆ. ಅದರಿಂದ ಆಂಜಿಯೊಟೆನ್ಸಿನ್ ಎಂಬ ವಸ್ತು ತಯಾರಾಗಿ, ಮೂತ್ರಪಿಂಡದ ನೆತ್ತಿಯ ಮೇಲೆ ಕುಳಿತಿರುವ ಅಡ್ರೀನಲ್ ಗ್ರಂಥಿಯ ಹೊರಪದರವನ್ನು ಮುಟ್ಟುತ್ತದೆ. ಆಗ ಗ್ರಂಥಿ ಆಲ್ಡೊಸ್ಟೆರೋನನ್ನು ಬಿಡುತ್ತದೆ. ಮೂತ್ರದಲ್ಲಿ ಹೋಗಬೇಕಿದ್ದ ಸೋಡಿಯಮ್ಮನ್ನು ಅದು ತಡೆದು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಬದಲಿಗೆ ಪೊಟ್ಯಾಸಿಯಮ್ಮನ್ನು ಹೊರಹಾಕುತ್ತದೆ. ಸೋಡಿಯಮ್ಮಿನ ಜೊತೆ ನೀರೂ ಉಳಿದು ರಕ್ತದ ಗಾತ್ರ ಹೆಚ್ಚಿ ಒತ್ತಡ ಏರುತ್ತದೆ. ಒತ್ತಡ ಏರಿದ್ದನ್ನು ಕಂಡ ಮೂತ್ರಪಿಂಡ ರೆನಿನ್ ನಿಲ್ಲಿಸುತ್ತದೆ, ಅಲ್ಲಿಗೆ ಆಲ್ಡೊಸ್ಟೆರೋನೂ ಇಳಿಯಬೇಕು. ಕೆರೆಯ ತೂಬನ್ನು ನೀರುಗಂಟಿ ತೆರೆಯುವುದು ಗದ್ದೆಯವರು ನೀರು ಕೇಳಿದಾಗ. ಗದ್ದೆ ತುಂಬಿ ಯಾರೂ ಕೇಳದಿರುವಾಗಲೂ ತೂಬಿನಲ್ಲಿ ನೀರು ಹರಿಯುತ್ತಿದ್ದರೆ ಕೆಟ್ಟಿರುವುದು ತೂಬೇ. ರೆನಿನ್ ತಳ ಮುಟ್ಟಿದ್ದರೂ ಆಲ್ಡೊಸ್ಟೆರೋನ್ ಇಳಿಯದಿರುವುದು ಅಂಥ ಸ್ಥಿತಿ. ಎರಡನ್ನೂ ಒಟ್ಟಿಗೆ ಅಳೆಯುವುದು ಈ ಕಾರಣಕ್ಕೆ. ಆಲ್ಡೊಸ್ಟೆರೋನ್ ಒಂದನ್ನೇ ಅಳೆದರೆ ಬೆವರಿ ಬಳಲಿದವರಲ್ಲೂ, ಉಪ್ಪು ಬಿಟ್ಟವರಲ್ಲೂ ಅದು ಹೆಚ್ಚಾಗಿಯೇ ಕಾಣುತ್ತದೆ. ಅವರಲ್ಲಿ ಅದು ನ್ಯಾಯವಾದ ಹೆಚ್ಚಳ.

ಈ ಕೆಡುಕಿನ ಹಾನಿ ಒತ್ತಡದ ಅಂಕಿಗಳಿಗಷ್ಟೇ ಸೀಮಿತವಲ್ಲ. ಅತಿಯಾದ ಆಲ್ಡೊಸ್ಟೆರೋನ್ ಹೃದಯದ ಸ್ನಾಯುವಿನಲ್ಲೂ ರಕ್ತನಾಳದ ಗೋಡೆಯಲ್ಲೂ ನಾರನ್ನು ಬೆಳೆಸುತ್ತದೆ, ಮೂತ್ರಪಿಂಡವನ್ನು ಸವೆಸುತ್ತದೆ. ಫ್ರಾನ್ಸಿನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವೊಂದು ಇಂಥ 124 ರೋಗಿಗಳನ್ನು ಬೇರೆ ಕಾರಣ ಕಾಣದ ಏರು ರಕ್ತದೊತ್ತಡದ 465 ರೋಗಿಗಳ ಜೊತೆ ಹೋಲಿಸಿತು. ಪಾರ್ಶ್ವವಾಯು ಆಗಿದ್ದವರು ಮೊದಲ ಗುಂಪಿನಲ್ಲಿ ಶೇ. 12.9, ಎರಡನೆಯದರಲ್ಲಿ ಶೇ. 3.4. ಹೃದಯದ ಲಯ ತಪ್ಪುವ ಏಟ್ರಿಯಲ್ ಫೈಬ್ರಿಲೇಶನ್ ಶೇ. 7.3 ಮತ್ತು ಶೇ. 0.6. ಒತ್ತಡವನ್ನು ಹೇಗೋ ಇಳಿಸಿದರೆ ಸಾಕು, ಕಾರಣ ಯಾವುದಾದರೇನು ಎಂಬ ವಾದ ಈ ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಇಪ್ಪತ್ತೈದರ ವಯಸ್ಸಿನವರ ಮುಂದೆ ಈ ಹಾನಿಗೆ ಒಡ್ಡಿಕೊಳ್ಳಬೇಕಾದ ಇನ್ನೂ ಹಲವು ದಶಕಗಳಿರುತ್ತವೆ.

ಪೊಟ್ಯಾಸಿಯಮ್ ಎಂಬ ತಪ್ಪು ಬಾಗಿಲು

ಆಲ್ಡೊಸ್ಟೆರೋನನ್ನು ಸಿಲ್ವಿಯಾ ಸಿಂಪ್ಸನ್ ಮತ್ತು ಜೇಮ್ಸ್ ಟೇಟ್ ಅವರು ರೈಕ್‌ಸ್ಟೈನ್ ಬಳಗದ ಜೊತೆ ಸೇರಿ 1953ರಲ್ಲಿ ಬೇರ್ಪಡಿಸಿದರು. ಮರುವರ್ಷವೇ ಮಿಶಿಗನ್ ವಿಶ್ವವಿದ್ಯಾಲಯದ ಜೆರೋಮ್ ಕಾನ್ ಅವರ ಬಳಿಗೆ 34 ವರ್ಷದ ಮಹಿಳೆಯೊಬ್ಬರು ಬಂದರು. ಆಗಾಗ ಕಾಲುಗಳು ಸೋತು ನಡೆಯಲಾಗದ ಸ್ಥಿತಿ, ಕೈಕಾಲು ಸೆಳೆತ, ಏರಿದ ರಕ್ತದೊತ್ತಡ, ತೀರಾ ಕುಸಿದ ಪೊಟ್ಯಾಸಿಯಮ್. 1954ರ ಡಿಸೆಂಬರಿನಲ್ಲಿ ಶಸ್ತ್ರಚಿಕಿತ್ಸೆ ಮಾಡಿದಾಗ ಬಲಗಡೆಯ ಅಡ್ರೀನಲ್‌ನಲ್ಲಿ ಗಡ್ಡೆ ಸಿಕ್ಕಿತು. ಅದನ್ನು ತೆಗೆದ ಮೇಲೆ ರೋಗ ಬಿಟ್ಟುಹೋಯಿತು. ಈ ಮೊದಲ ರೋಗಿಯ ಚಿತ್ರ ಎಷ್ಟು ಎದ್ದು ಕಾಣುವಂತಿತ್ತೆಂದರೆ, ಮುಂದಿನ ಹಲವು ದಶಕಗಳ ಕಾಲ ವೈದ್ಯರು ಅದೇ ಚಿತ್ರವನ್ನು ಹುಡುಕುತ್ತ ಕುಳಿತರು. ಪೊಟ್ಯಾಸಿಯಮ್ ಕಡಿಮೆ ಇದ್ದರೆ ಮಾತ್ರ ಪರೀಕ್ಷೆ ಎಂಬುದು ನಿಯಮದಂತಾಯಿತು. ಹಾಗೆ ಸೋಸಿದಾಗ ಸಿಕ್ಕವರು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ. ರೋಗ ಅಪರೂಪದ್ದು ಎಂಬ ನಂಬಿಕೆ ತನ್ನಿಂದ ತಾನೇ ಗಟ್ಟಿಯಾಯಿತು. ಬೇರೆ ಕಾರಣ ಕಾಣದ ಏರು ರಕ್ತದೊತ್ತಡವೆಂದು ಕರೆಯುವುದರ ದೊಡ್ಡ ಪಾಲು ಇದೇ ಇರಬಹುದೆಂದು ಕಾನ್ 1960ರ ದಶಕದಲ್ಲೇ ಹೇಳಿದ್ದರೂ ಆ ಮಾತನ್ನು ಅತಿಶಯವೆಂದು ಬದಿಗಿಟ್ಟರು.

1981ರಲ್ಲಿ ಜಪಾನಿನ ಹಿರಾಮಾತ್ಸು ಮತ್ತು ಸಂಗಡಿಗರು ಎರಡು ವಸ್ತುಗಳ ಅನುಪಾತವನ್ನೇ ಶೋಧನೆಯ ಸಾಧನವಾಗಿ ಬಳಸಿದರು. 1990ರ ದಶಕದಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ರಿಚರ್ಡ್ ಗಾರ್ಡನ್ ಅವರ ತಂಡ ಪೊಟ್ಯಾಸಿಯಮ್ ಸಹಜವಾಗಿರುವ ರೋಗಿಗಳಿಗೂ ಇದೇ ಪರೀಕ್ಷೆ ಮಾಡಿದಾಗ ಚಿತ್ರ ತಿರುಗಿಬಿತ್ತು. ಕಂಡುಹಿಡಿದ ರೋಗಿಗಳಲ್ಲಿ ಪೊಟ್ಯಾಸಿಯಮ್ ಕಡಿಮೆ ಇರುವವರ ಪಾಲು ಶೇ. 9ರಿಂದ 37ರಷ್ಟು ಮಾತ್ರ ಎಂದು ಬೇರೆ ಬೇರೆ ದೇಶಗಳ ಕೇಂದ್ರಗಳ ಲೆಕ್ಕ ಸೇರಿಸಿದಾಗ ತಿಳಿಯಿತು. ಎಂದರೆ ಹೆಚ್ಚಿನವರ ಪೊಟ್ಯಾಸಿಯಮ್ ಸಹಜ ಮಿತಿಯಲ್ಲೇ ಇರುತ್ತದೆ. ಹೀಗಿದ್ದರೂ ಪರೀಕ್ಷೆ ಇಂದಿಗೂ ನಡೆಯುವುದು ಕಡಿಮೆ. ಅಮೆರಿಕದ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಹಿಡಿತಕ್ಕೆ ಬಾರದ ಒತ್ತಡವಿದ್ದ 2.69 ಲಕ್ಷ ರೋಗಿಗಳ ದಾಖಲೆ ನೋಡಿದಾಗ ಪರೀಕ್ಷೆ ಆಗಿದ್ದುದು ಶೇ. 1.6 ಮಂದಿಗೆ. ಸೌಲಭ್ಯವಿರುವ ಕಡೆಯಲ್ಲೇ ಹೀಗೆಂದಮೇಲೆ, ಕೊರತೆ ಇರುವುದು ಯಂತ್ರಗಳಲ್ಲಿ ಮಾತ್ರವಲ್ಲ, ಅನುಮಾನ ಪಡುವುದರಲ್ಲೂ ಇದೆ ಎನ್ನಬೇಕು.

ಪರೀಕ್ಷೆಗೆ ಮೊದಲು

ಹಿಡಿತಕ್ಕೆ ಬಾರದ ಒತ್ತಡ ಎಂಬ ಹೆಸರಿಗೆ ಒಂದು ಅಳತೆ ಇದೆ: ಮೂತ್ರ ಹೆಚ್ಚಿಸುವ ಮಾತ್ರೆಯೂ ಸೇರಿ ಮೂರು ಬಗೆಯ ಔಷಧಗಳನ್ನು ತಾಳುವಷ್ಟು ಪೂರ್ಣ ಪ್ರಮಾಣದಲ್ಲಿ ತೆಗೆದುಕೊಂಡರೂ ಒತ್ತಡ ಗುರಿಗಿಂತ ಮೇಲಿರಬೇಕು. ಸರ್ಕಾರಿ ಆಸ್ಪತ್ರೆಗಳ ಚಿಕಿತ್ಸಾಕ್ರಮದಲ್ಲಿ ಈ ಮೂರು ಸಾಮಾನ್ಯವಾಗಿ ಆಮ್ಲೋಡಿಪಿನ್, ಟೆಲ್ಮಿಸಾರ್ಟನ್ ಮತ್ತು ಕ್ಲೋರ್ತಲಿಡೋನ್ ಅಥವಾ ಹೈಡ್ರೊಕ್ಲೋರೊಥಯಜೈಡ್. ಆದ್ದರಿಂದ ಸೊರಬದ ತಾಲ್ಲೂಕು ಆಸ್ಪತ್ರೆಗೋ ಶಿಕಾರಿಪುರದ ಹಳ್ಳಿಯೊಂದರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ ಬರುವ ಯುವ ರೋಗಿಯ ಚೀಟಿಯಲ್ಲಿ ಇವೇ ಹೆಸರುಗಳಿರುವ ಸಾಧ್ಯತೆ ಹೆಚ್ಚು. ರಕ್ತ ತೆಗೆಯುವ ಮೊದಲು ಸರಳವಾದ ಕೆಲವನ್ನು ಖಚಿತಪಡಿಸಿಕೊಳ್ಳಬೇಕು. ತೋಳು ದಪ್ಪವಿದ್ದು ಪಟ್ಟಿ ಚಿಕ್ಕದಾದರೆ ಒತ್ತಡ ಸುಳ್ಳಾಗಿ ಹೆಚ್ಚು ತೋರುತ್ತದೆ. ಆಸ್ಪತ್ರೆಯಲ್ಲಷ್ಟೇ ಏರುವ ಒತ್ತಡವೂ ಉಂಟು. ಮನೆಯಲ್ಲಿ ಕೆಲವು ದಿನ ನೋಡಿದರೆ ಗೊತ್ತಾಗುತ್ತದೆ. ಮಾತ್ರೆ ಮುಗಿದ ಮೇಲೆ ವಾರಗಟ್ಟಲೆ ತರದಿದ್ದುದು, ಬೆನ್ನುನೋವಿಗೆಂದು ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಮಾತ್ರೆಯನ್ನು ದಿನವೂ ನುಂಗುತ್ತಿರುವುದು, ಇವು ಕೇಳಿದರೆ ಮಾತ್ರ ತಿಳಿಯುವ ಸಂಗತಿಗಳು.

ಮಲೆನಾಡಿನ ಈ ಸೀಮೆಯಲ್ಲಿ ಕೇಳಲೇಬೇಕಾದ ಮತ್ತೊಂದು ಪ್ರಶ್ನೆ ಜ್ಯೇಷ್ಠಮಧುವಿನದು. ಕೆಮ್ಮಿಗೆ, ಗಂಟಲಿಗೆ, ಹೊಟ್ಟೆಯುರಿಗೆ ಮಾಡುವ ಕಷಾಯದಲ್ಲೂ ಪುಡಿಗಳಲ್ಲೂ ಇರುವ ಈ ಬೇರಿನ ಗ್ಲಿಸರೈಜಿನ್, ಮೂತ್ರಪಿಂಡದಲ್ಲಿ ಕಾರ್ಟಿಸಾಲನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಆಗ ಕಾರ್ಟಿಸಾಲೇ ಆಲ್ಡೊಸ್ಟೆರೋನಿನ ಜಾಗದಲ್ಲಿ ಕುಳಿತು ಅದರ ಕೆಲಸ ಮಾಡುತ್ತದೆ. ಒತ್ತಡ ಏರುತ್ತದೆ, ಪೊಟ್ಯಾಸಿಯಮ್ ಇಳಿಯುತ್ತದೆ, ಲಕ್ಷಣವೆಲ್ಲ ಕಾನ್ ಸಿಂಡ್ರೋಮಿನದೇ. ಆದರೆ ರಕ್ತದಲ್ಲಿ ರೆನಿನ್ ಮತ್ತು ಆಲ್ಡೊಸ್ಟೆರೋನ್ ಎರಡೂ ತಳದಲ್ಲಿರುತ್ತವೆ. ಒಂದೆರಡು ದಿನದ ಕಷಾಯದಿಂದ ಇದು ಆಗುವುದಿಲ್ಲ. ದಿನವೂ ಹೆಚ್ಚು ಪ್ರಮಾಣದಲ್ಲಿ ವಾರಗಟ್ಟಲೆ ಸೇವಿಸಿದರೆ ಆಗುತ್ತದೆ, ಬಿಟ್ಟ ಮೇಲೂ ಕೆಲವು ವಾರ ಅದರ ನೆರಳು ಉಳಿಯುತ್ತದೆ. ಹಾಗೆಯೇ ಎಳೆಯ ರೋಗಿಯ ತೊಡೆಸಂದಿನ ನಾಡಿಯನ್ನು ಮುಟ್ಟಿ ನೋಡದೆ, ಎರಡೂ ತೋಳುಗಳ ಒತ್ತಡ ಅಳೆಯದೆ ಹಾರ್ಮೋನಿನ ಪರೀಕ್ಷೆಗೆ ಹಾರಬಾರದು. ಮಹಾಧಮನಿ ಹುಟ್ಟಿನಿಂದಲೇ ಕಿರಿದಾಗಿರುವುದು ಅಥವಾ ನಮ್ಮ ದೇಶದ ಯುವತಿಯರಲ್ಲಿ ಕಾಣುವ ಟಕಾಯಾಸು ಎಂಬ ಧಮನಿ ಉರಿಯೂತ ಆ ಬೆರಳುಗಳಿಗೇ ಸಿಗುತ್ತವೆ.

ರಕ್ತ ತೆಗೆಯುವುದು, ಕಳಿಸುವುದು

ರೋಗಿ ಬೆಳಿಗ್ಗೆ ಎದ್ದು ಕನಿಷ್ಠ ಎರಡು ಗಂಟೆ ಓಡಾಡಿ, ಆಮೇಲೆ ಐದರಿಂದ ಹದಿನೈದು ನಿಮಿಷ ಕುಳಿತಿದ್ದಾಗ ರಕ್ತ ತೆಗೆಯಬೇಕು. ಹಳ್ಳಿಯಿಂದ ಬಸ್ಸು ಹಿಡಿದು ಬಂದವರಿಗೆ ಈ ಷರತ್ತು ತಾನಾಗಿಯೇ ಪೂರೈಸುತ್ತದೆ. ಖಾಲಿ ಹೊಟ್ಟೆ ಬೇಕಿಲ್ಲ. ಪರೀಕ್ಷೆಗೆ ಮುಂಚಿನ ದಿನಗಳಲ್ಲಿ ಉಪ್ಪು ಬಿಡಬಾರದು ಎಂದು ರೋಗಿಗೆ ಮೊದಲೇ ಹೇಳಬೇಕು, ಬಿ.ಪಿ. ಇದೆಯೆಂದು ಭಯಪಟ್ಟು ಉಪ್ಪಿನಕಾಯಿ, ಸಾರು ಎಲ್ಲ ಬಿಟ್ಟು ಬಂದವರಲ್ಲಿ ರೆನಿನ್ ಏರಿ ರೋಗ ಮರೆಯಾಗಬಹುದು. ಪೊಟ್ಯಾಸಿಯಮ್ ಕಡಿಮೆ ಇದ್ದರೆ ಮೊದಲು ಅದನ್ನು 4ರ ಹತ್ತಿರಕ್ಕೆ ತರಬೇಕು, ಏಕೆಂದರೆ ಪೊಟ್ಯಾಸಿಯಮ್ ಕುಸಿದಾಗ ರೋಗಗ್ರಸ್ತ ಗ್ರಂಥಿಯೂ ಆಲ್ಡೊಸ್ಟೆರೋನ್ ಬಿಡುವುದನ್ನು ತಗ್ಗಿಸುತ್ತದೆ. ರಕ್ತ ತೆಗೆಯುವಾಗ ಮುಷ್ಟಿ ಬಿಗಿಹಿಡಿದು ಬಿಡಿಸುವ ಅಭ್ಯಾಸ ಪೊಟ್ಯಾಸಿಯಮ್ಮನ್ನು ಸುಳ್ಳಾಗಿ ಏರಿಸುತ್ತದೆ, ಆದ್ದರಿಂದ ಅದೂ ಬೇಡ.

ತಾಲ್ಲೂಕಿನಲ್ಲಿ ಹೆಚ್ಚಾಗಿ ಕೆಡುವುದು ಇದರ ಮುಂದಿನ ಹೆಜ್ಜೆ. ಈ ಪರೀಕ್ಷೆ ಸಾಮಾನ್ಯವಾಗಿ ದೊಡ್ಡ ನಗರದ ಪ್ರಯೋಗಾಲಯದಲ್ಲಿ ಆಗುವುದರಿಂದ ರಕ್ತ ಶಿವಮೊಗ್ಗದ ಮೂಲಕ ಬೆಂಗಳೂರಿನ ಕಡೆಗೋ ಇನ್ನೂ ದೂರಕ್ಕೋ ಸಾಗಬೇಕು. ಹಾರ್ಮೋನು ಕೆಡಬಾರದೆಂದು ನಳಿಕೆಯನ್ನು ಐಸ್ ಡಬ್ಬಿಯಲ್ಲಿಡುವುದು ಸಹಜವಾಗಿ ತೋಚುವ ಎಚ್ಚರಿಕೆ, ಆದರೆ ರೆನಿನ್ನಿಗೆ ಅದೇ ಅಪಾಯ. ರಕ್ತದಲ್ಲಿ ರೆನಿನ್ನಿಗಿಂತ ಹಲವು ಪಟ್ಟು ಹೆಚ್ಚು ಪ್ರಮಾಣದಲ್ಲಿ ಪ್ರೊರೆನಿನ್ ಎಂಬ ಅದರ ಪೂರ್ವರೂಪ ನಿಷ್ಕ್ರಿಯವಾಗಿ ಇರುತ್ತದೆ. ಹೆಪ್ಪುಗಟ್ಟದ ಆದರೆ ತಣ್ಣಗಿರುವ ಸ್ಥಿತಿಯಲ್ಲಿ, ಎಂದರೆ ಐಸ್ ಡಬ್ಬಿಯ ಅಥವಾ ಸಾಮಾನ್ಯ ಫ್ರಿಜ್ಜಿನ ತಂಪಿನಲ್ಲಿ, ಅದರ ಒಂದು ಭಾಗ ರೆನಿನ್ ಆಗಿ ಎಚ್ಚೆತ್ತುಕೊಳ್ಳುತ್ತದೆ. ಛೇದ ದೊಡ್ಡದಾಗಿ ಅನುಪಾತ ಕುಗ್ಗುತ್ತದೆ, ಇದ್ದ ರೋಗ ಇಲ್ಲವೆಂದು ವರದಿ ಬರುತ್ತದೆ. ಸರಿಯಾದ ಕ್ರಮ ಹೀಗಿದೆ: ನೇರಳೆ ಮುಚ್ಚಳದ ಇ.ಡಿ.ಟಿ.ಎ. ನಳಿಕೆಯಲ್ಲಿ ರಕ್ತ ತೆಗೆದು ಕೋಣೆಯ ಉಷ್ಣತೆಯಲ್ಲೇ ಇಟ್ಟು, ತಡಮಾಡದೆ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ, ಪ್ಲಾಸ್ಮಾ ಬೇರೆ ಮಾಡಿ, ಅದನ್ನು ಒಮ್ಮೆಗೇ ಗಟ್ಟಿಯಾಗಿ ಹೆಪ್ಪುಗಟ್ಟಿಸಿ ಕಳಿಸುವುದು. ಕೋಣೆಯ ಉಷ್ಣತೆ ಅಥವಾ ಗಟ್ಟಿ ಹೆಪ್ಪು, ಇವೆರಡರ ನಡುವಿನ ತಂಪು ಕೂಡದು. ಈ ಸೌಲಭ್ಯ ಹತ್ತಿರದಲ್ಲಿಲ್ಲದಿದ್ದರೆ ರಕ್ತವನ್ನು ಕಳಿಸುವುದಕ್ಕಿಂತ ರೋಗಿಯನ್ನೇ ಶಿವಮೊಗ್ಗಕ್ಕೆ ಕಳಿಸಿ ಅಲ್ಲಿ ರಕ್ತ ತೆಗೆಸುವುದು ಲೇಸು.

ಒಂದು ಉದಾಹರಣೆಯ ಲೆಕ್ಕ

ಓದುವ ಕ್ರಮ ತಿಳಿಯಲು ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳಬಹುದು. ವಯಸ್ಸು 27, ಆಮ್ಲೋಡಿಪಿನ್ 10, ಟೆಲ್ಮಿಸಾರ್ಟನ್ 80, ಕ್ಲೋರ್ತಲಿಡೋನ್ 12.5 ಮಿಲಿಗ್ರಾಂ ದಿನವೂ ನುಂಗುತ್ತಿರುವ ಯುವಕ. ಒತ್ತಡ 166/106, ಪೊಟ್ಯಾಸಿಯಮ್ 3.7. ವರದಿಯಲ್ಲಿ ಆಲ್ಡೊಸ್ಟೆರೋನ್ ಡೆಸಿಲೀಟರಿಗೆ 18 ನ್ಯಾನೊಗ್ರಾಂ, ನೇರ ರೆನಿನ್ ಲೀಟರಿಗೆ 1.8 ಮಿಲಿಯುನಿಟ್. ಭಾಗಿಸಿದರೆ ಅನುಪಾತ 10. ಅನುಪಾತ 30 ದಾಟಿದರೆ ರೋಗದ ಅನುಮಾನ ಎಂದು ಓದಿದ ನೆನಪಿರುವವರು ಇದನ್ನು ಸಹಜವೆಂದು ಪಕ್ಕಕ್ಕಿಡುತ್ತಾರೆ, ರೋಗಿಗೆ ನಾಲ್ಕನೆಯ ಮಾತ್ರೆ ಬರೆದುಕೊಡುತ್ತಾರೆ. ಆದರೆ 30 ಎಂಬ ಗಡಿ ಹುಟ್ಟಿದ್ದು ಬೇರೊಂದು ಅಳತೆಗಾಗಿ. ಆ ಹಳೆಯ ವಿಧಾನದಲ್ಲಿ ರೆನಿನ್ ಒಂದು ಗಂಟೆಯಲ್ಲಿ ಎಷ್ಟು ಆಂಜಿಯೊಟೆನ್ಸಿನ್ ಹುಟ್ಟಿಸುತ್ತದೆ ಎಂದು ನೋಡುತ್ತಿದ್ದರು. ಅದಕ್ಕೆ ರೆನಿನ್ ಚಟುವಟಿಕೆ ಎಂದು ಹೆಸರು. ಈಗ ಅನೇಕ ಪ್ರಯೋಗಾಲಯಗಳು ಅಳೆಯುವುದು ರೆನಿನ್ನಿನ ಪ್ರಮಾಣವನ್ನೇ. ಹಳೆಯ ಅಳತೆಯ 1 ಹೊಸ ಅಳತೆಯ ಸುಮಾರು 8.2ಕ್ಕೆ ಸಮ. ಹಾಗಾಗಿ ಹಳೆಯ 30ರ ಗಡಿ ಹೊಸದರಲ್ಲಿ ಸುಮಾರು 3.7 ಆಗುತ್ತದೆ. ನಮ್ಮ ಯುವಕನ 10 ಅದಕ್ಕಿಂತ ಎರಡೂವರೆ ಪಟ್ಟಿಗೂ ಮೇಲೆ. ಅವನ ರೆನಿನ್ನನ್ನು ಹಳೆಯ ಅಳತೆಗೆ ತಿರುಗಿಸಿದರೆ ಸುಮಾರು 0.22, ಅನುಪಾತ 80ರ ಆಚೆ. ಒಂದೇ ರಕ್ತ, ಒಂದೇ ವರದಿ. ಏಕಮಾನ ನೋಡದವರಿಗೆ ಸಹಜ, ನೋಡಿದವರಿಗೆ ಬಲವಾದ ಸಾಕ್ಷ್ಯ. ವರದಿಯಲ್ಲಿ ಆಲ್ಡೊಸ್ಟೆರೋನ್ ಮಿಲಿಲೀಟರಿಗೆ ಪಿಕೊಗ್ರಾಂನಲ್ಲಿದ್ದರೆ ಮೊದಲು ಹತ್ತರಿಂದ ಭಾಗಿಸಿಕೊಳ್ಳಬೇಕೆಂಬುದನ್ನೂ ಮರೆಯಬಾರದು.

ಈಗ ಅನುಪಾತವನ್ನು ಬದಿಗಿಟ್ಟು ಅದರ ಎರಡು ಭಾಗಗಳನ್ನೇ ನೋಡೋಣ. ಟೆಲ್ಮಿಸಾರ್ಟನ್ ಮತ್ತು ಕ್ಲೋರ್ತಲಿಡೋನ್ ಎರಡೂ ರೆನಿನ್ನನ್ನು ಏರಿಸುವ ಔಷಧಗಳು. ಅವೆರಡನ್ನೂ ನುಂಗುತ್ತಿರುವ ಯುವಕನ ರೆನಿನ್ ಹತ್ತಾರು ಯುನಿಟ್ ಇರಬೇಕಿತ್ತು. ಅದು 1.8ರಲ್ಲೇ ಮಲಗಿದೆ. ಎಂಟರ ಕೆಳಗಿನ ರೆನಿನ್ನನ್ನು ಅದುಮಿಟ್ಟ ರೆನಿನ್ ಎಂದು ಎಣಿಸುವುದು ವಾಡಿಕೆ. ಮೂತ್ರಪಿಂಡವನ್ನು ಎಬ್ಬಿಸುವ ಎರಡು ಔಷಧಗಳಿದ್ದೂ ಅದು ಏಳುತ್ತಿಲ್ಲವೆಂದರೆ ಯಾವುದೋ ಬೇರೆ ಶಕ್ತಿ ಉಪ್ಪುನೀರನ್ನು ಹಿಡಿದಿಟ್ಟು ಅದನ್ನು ತುಳಿಯುತ್ತಿದೆ. ಆಲ್ಡೊಸ್ಟೆರೋನ್ ನೋಡಿದರೆ 18. ರೆನಿನ್ ಇಷ್ಟು ಕೆಳಗಿರುವಾಗ 10ರ ಮೇಲಿನ ಯಾವ ಅಂಕಿಯೂ ಅನುಚಿತವೇ. ತುಳಿಯುತ್ತಿರುವುದು ಯಾವುದೆಂದು ಗೊತ್ತಾಯಿತು. ಇದೇ ಯುವಕನ ಆಲ್ಡೊಸ್ಟೆರೋನ್ 4, ರೆನಿನ್ 0.4 ಬಂದಿದ್ದರೂ ಅನುಪಾತ ಅದೇ 10 ಆಗುತ್ತಿತ್ತು, ಆದರೆ ಅರ್ಥ ಪೂರ್ತಿ ಬೇರೆ. ಅಲ್ಲಿ ಅನುಪಾತವನ್ನು ದೊಡ್ಡದು ಮಾಡಿದ್ದು ತೀರಾ ಚಿಕ್ಕ ಛೇದ ಮಾತ್ರ. ಎರಡೂ ತಳದಲ್ಲಿರುವ ಆ ಚಿತ್ರ ಜ್ಯೇಷ್ಠಮಧುವಿನದಿರಬಹುದು, ಲಿಡ್ಲ್ ಸಿಂಡ್ರೋಮಿನಂಥ ವಂಶವಾಹಿಯ ದೋಷದ್ದಿರಬಹುದು. ಆಲ್ಡೊಸ್ಟೆರೋನ್ 30, ರೆನಿನ್ 90 ಬಂದರೆ ಅನುಪಾತ ಚಿಕ್ಕದು, ವರದಿ ಸಹಜ. ಆದರೆ ಮೂತ್ರಪಿಂಡವೇ ಕೂಗುತ್ತಿದೆ ಎಂದರ್ಥ. ಮಾತ್ರೆಗಳ ಪ್ರಭಾವವೂ ಹೀಗೆ ಕಾಣಬಹುದಾದರೂ, ಎಳೆಯರಲ್ಲಿ ಮೂತ್ರಪಿಂಡದ ಧಮನಿ ಕಿರಿದಾಗಿದೆಯೇ ಎಂದು ಡಾಪ್ಲರ್ ಅಥವಾ ಸಿ.ಟಿ. ಮಾಡಿ ನೋಡಲು ಇದು ಸಾಕಷ್ಟು ಕಾರಣ. ಅನುಪಾತವೊಂದನ್ನೇ ನೋಡಿದವರಿಗೆ ಈ ಮೂರು ರೋಗಿಗಳ ವ್ಯತ್ಯಾಸ ತಿಳಿಯುವುದೇ ಇಲ್ಲ.

ಆಕ್ಷೇಪಗಳು

ಮೊದಲ ಆಕ್ಷೇಪ, ಮಾತ್ರೆಗಳ ಮೇಲಿರುವಾಗ ಮಾಡಿದ ಪರೀಕ್ಷೆಗೆ ಬೆಲೆಯಿಲ್ಲ ಎಂಬುದು. ಅಡ್ಡಿ ಇರುವುದು ನಿಜ, ಆದರೆ ಅದು ಯಾವ ದಿಕ್ಕಿನದೆಂದು ಮೊದಲೇ ಗೊತ್ತಿದೆ. ಟೆಲ್ಮಿಸಾರ್ಟನ್, ಎನಾಲಪ್ರಿಲ್, ಮೂತ್ರ ಹೆಚ್ಚಿಸುವ ಮಾತ್ರೆಗಳು ರೆನಿನ್ ಏರಿಸಿ ರೋಗವನ್ನು ಮರೆಮಾಡುವ ಗುಂಪು. ಆಮ್ಲೋಡಿಪಿನ್ನದೂ ಸ್ವಲ್ಪ ಮಟ್ಟಿಗೆ ಇದೇ ದಿಕ್ಕು. ಅಟಿನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ತಡೆಗಳು, ಕ್ಲೋನಿಡಿನ್, ನೋವಿನ ಮಾತ್ರೆಗಳು ರೆನಿನ್ ಇಳಿಸಿ ಇಲ್ಲದ ರೋಗವನ್ನು ತೋರಿಸುವ ಗುಂಪು. ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ನೇರ ರೆನಿನ್ನನ್ನು ತಗ್ಗಿಸುವುದರಿಂದ ಯುವತಿಯರಲ್ಲಿ ಅದನ್ನು ಕೇಳಲೇಬೇಕು. ಆದ್ದರಿಂದ ಮೊದಲ ಗುಂಪಿನ ಮಾತ್ರೆಗಳಿದ್ದೂ ರೆನಿನ್ ತಳದಲ್ಲಿದ್ದರೆ ಫಲಿತಾಂಶದ ಬಲ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ. ಅದೇ ಗುಂಪಿನ ಮಾತ್ರೆಗಳ ಮೇಲೆ ರೆನಿನ್ 40 ಬಂದರೆ ಮಾತ್ರ ಉತ್ತರ ಸಿಕ್ಕಲಿಲ್ಲವೆಂದು ಬರೆದಿಟ್ಟು, ಔಷಧ ಬದಲಿಸಿ ಮತ್ತೊಮ್ಮೆ ನೋಡಬೇಕು. ಆಗಲೂ ಬದಲಿಸುವ ಕೆಲಸ ವೈದ್ಯರದು: ಮೂತ್ರ ಹೆಚ್ಚಿಸುವ ಮಾತ್ರೆಯನ್ನು ನಾಲ್ಕು ವಾರ, ಟೆಲ್ಮಿಸಾರ್ಟನ್ ಅಥವಾ ಬೀಟಾ ತಡೆಯನ್ನು ಎರಡು ವಾರ ನಿಲ್ಲಿಸಿ, ಆ ಅವಧಿಗೆ ನಿಧಾನವಾಗಿ ಬಿಡುಗಡೆಯಾಗುವ ವೆರಪಮಿಲ್, ಪ್ರಾಜೊಸಿನ್, ಹೈಡ್ರಾಲಜಿನ್‌ನಂಥ ಹೆಚ್ಚು ಅಡ್ಡಿ ಮಾಡದ ಔಷಧ ಕೊಡುತ್ತಾರೆ. ಒತ್ತಡ 180 ದಾಟುವ ರೋಗಿಯಲ್ಲಿ, ಹೃದಯ ಸೋತವರಲ್ಲಿ ಈ ಸಾಹಸ ಬೇಡ. ರೋಗಿ ತಾನಾಗಿಯೇ ಮಾತ್ರೆ ಬಿಟ್ಟು ಪರೀಕ್ಷೆಗೆ ಬರುವುದಂತೂ ಪಾರ್ಶ್ವವಾಯುವನ್ನು ಕರೆದ ಹಾಗೆ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಸ್ಪಿರೊನೊಲ್ಯಾಕ್ಟೋನ್ ಎಂಬ ಅಗ್ಗದ ಮಾತ್ರೆ ಆಲ್ಡೊಸ್ಟೆರೋನಿನ ಕೆಲಸವನ್ನೇ ತಡೆಯುತ್ತದೆ. ಮೂರು ಮಾತ್ರೆಗೆ ಬಗ್ಗದ ಒತ್ತಡಕ್ಕೆ ನಾಲ್ಕನೆಯದಾಗಿ ಬೀಟಾ ತಡೆಗಿಂತ, ಡಾಕ್ಸಜೊಸಿನ್‌ಗಿಂತ ಇದೇ ಮೇಲೆಂದು ಬ್ರಿಟನ್ನಿನ ಪಾತ್‌ವೇ–2 ಪ್ರಯೋಗ 2015ರಲ್ಲಿ ತೋರಿಸಿತು. ಹಾಗಿದ್ದರೆ ಪರೀಕ್ಷೆಯ ಖರ್ಚೇಕೆ, ನೇರವಾಗಿ ಅದನ್ನೇ ಕೊಡಬಾರದೇ? ಅರವತ್ತೈದರ ವಯಸ್ಸಿನ, ಶಸ್ತ್ರಚಿಕಿತ್ಸೆಗೆ ಒಪ್ಪದ ರೋಗಿಯ ಮಟ್ಟಿಗೆ ಈ ವಾದವನ್ನು ಬಹುಪಾಲು ಒಪ್ಪಬಹುದು. ಯುವ ರೋಗಿಯಲ್ಲಿ ಲೆಕ್ಕ ಬೇರೆ. ಒಂದೇ ಗ್ರಂಥಿಯ ತೊಂದರೆಯಾಗಿದ್ದರೆ ಅದನ್ನು ತೆಗೆದು ರೋಗದ ಮೂಲವನ್ನೇ ನೀಗಿಸಬಹುದು. ಸ್ಪಿರೊನೊಲ್ಯಾಕ್ಟೋನ್ ಗಂಡಸರಲ್ಲಿ ಎದೆ ಊದಿಸುತ್ತದೆ, ನೋವು ತರುತ್ತದೆ, ಹೆಂಗಸರಲ್ಲಿ ಮುಟ್ಟು ಏರುಪೇರು ಮಾಡುತ್ತದೆ, ಗರ್ಭಿಣಿಯರಿಗೆ ಕೊಡುವಂತಿಲ್ಲ. ಇವನ್ನು ಇಪ್ಪತ್ತೈದರಿಂದ ಎಪ್ಪತ್ತೈದರವರೆಗೆ ಹೊತ್ತು ನಡೆಯಿರಿ ಎನ್ನುವ ಮೊದಲು ಒಂದು ರಕ್ತಪರೀಕ್ಷೆ ಹೆಚ್ಚಿನ ಬೇಡಿಕೆಯಲ್ಲ. ಮೇಲಾಗಿ ಈ ಮಾತ್ರೆ ಶುರುವಾದ ಮೇಲೆ ರೆನಿನ್ ಏಳುವುದರಿಂದ, ಮತ್ತೆ ಪರೀಕ್ಷೆ ಬೇಕೆನಿಸಿದಾಗ ನಾಲ್ಕು ವಾರವಾದರೂ ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಅನುಕ್ರಮ ಮುಖ್ಯ: ಮೊದಲು ರಕ್ತ, ಆಮೇಲೆ ಸ್ಪಿರೊನೊಲ್ಯಾಕ್ಟೋನ್. ಪರೀಕ್ಷೆ ಯಾವ ರೀತಿಯಿಂದಲೂ ಕೈಗೆಟುಕದ ಕಡೆ, ಪೊಟ್ಯಾಸಿಯಮ್ ಮತ್ತು ಕ್ರಿಯಾಟಿನಿನ್ ಮೇಲೆ ಕಣ್ಣಿಟ್ಟು ಮಾತ್ರೆ ಕೊಡುವುದು ಏನೂ ಮಾಡದಿರುವುದಕ್ಕಿಂತ ಖಂಡಿತ ಮೇಲು.

ಮೂರನೆಯದು, ಎಲ್ಲರಿಗೂ ಮಾಡಿದರೆ ಸುಳ್ಳು ಫಲಿತಾಂಶಗಳ ರಾಶಿ ಬೀಳುತ್ತದೆ, ಬಡವರು ಸ್ಕ್ಯಾನಿನಿಂದ ಸ್ಕ್ಯಾನಿಗೆ ಅಲೆಯುತ್ತಾರೆ ಎಂಬ ಭಯ. ಅಮೆರಿಕದ ಎಂಡೋಕ್ರೈನ್ ಸೊಸೈಟಿಯ 2025ರ ಮಾರ್ಗಸೂಚಿ ರಕ್ತದೊತ್ತಡವಿರುವ ಎಲ್ಲರಲ್ಲೂ ಈ ಶೋಧನೆ ಮಾಡಬಹುದೆನ್ನುತ್ತದೆ. ತಾಲ್ಲೂಕು ಮಟ್ಟದಲ್ಲಿ ಅಷ್ಟು ದೂರ ಹೋಗುವುದು ಇಂದು ಆಗದ ಮಾತು. ಆದರೆ ಇಲ್ಲಿನ ಚರ್ಚೆ ಎಲ್ಲರದ್ದಲ್ಲ, ನಲವತ್ತರ ಒಳಗಿನ, ಮೂರು ಮಾತ್ರೆಗೆ ಬಗ್ಗದ ಚಿಕ್ಕ ಗುಂಪಿನದು. ರೋಗ ಇರುವ ಸಂಭವ ಮೊದಲೇ ಹೆಚ್ಚಿರುವ ಗುಂಪಿನಲ್ಲಿ ಸುಳ್ಳು ಫಲಿತಾಂಶದ ಪಾಲು ಕಡಿಮೆ. ಉಳಿದ ಸುಳ್ಳನ್ನು ಹಿಡಿಯಲು ಮೇಲೆ ಹೇಳಿದ ಓದಿನ ಕ್ರಮವೇ ಇದೆ: ಆಲ್ಡೊಸ್ಟೆರೋನ್ 10ರ ಕೆಳಗಿದ್ದು ಅನುಪಾತ ಮಾತ್ರ ಹಿಗ್ಗಿದ್ದರೆ ಅವಸರ ಬೇಡ. ಒಂದೇ ದಿನದ ಆಲ್ಡೊಸ್ಟೆರೋನ್ ಏರಿಳಿಯುವುದೂ ಉಂಟು, ಆದ್ದರಿಂದ ಗಡಿಯ ಆಸುಪಾಸಿನ ಫಲಿತಾಂಶವನ್ನು ಇನ್ನೊಮ್ಮೆ ನೋಡದೆ ಇದೆಯೆಂದೂ ಇಲ್ಲವೆಂದೂ ಹೇಳಬಾರದು.

ಅನುಪಾತದ ನಂತರ

ಅನುಪಾತ ರೋಗದ ಸಂಶಯ ಹುಟ್ಟಿಸುತ್ತದೆ, ಅದನ್ನು ಸಾಬೀತುಪಡಿಸುವುದಿಲ್ಲ. ಸಾಬೀತಿಗೆ ಹೆಚ್ಚಾಗಿ ಮಾಡುವುದು ಸಲೈನ್ ಪರೀಕ್ಷೆ: ನಾಲ್ಕು ಗಂಟೆಯಲ್ಲಿ ಎರಡು ಲೀಟರ್ ಉಪ್ಪುನೀರು ರಕ್ತನಾಳಕ್ಕೆ ಕೊಟ್ಟು ಆಲ್ಡೊಸ್ಟೆರೋನ್ ಇಳಿಯುತ್ತದೆಯೇ ನೋಡುವುದು. ಆರೋಗ್ಯವಂತರಲ್ಲಿ ಅದು 5ರ ಕೆಳಗೆ ಬೀಳುತ್ತದೆ. 10ರ ಮೇಲೇ ನಿಂತರೆ ರೋಗ ಖಚಿತ. ಪೊಟ್ಯಾಸಿಯಮ್ ತಾನಾಗಿಯೇ ಕುಸಿದು, ರೆನಿನ್ ಕಾಣದಷ್ಟು ಕಡಿಮೆಯಾಗಿ, ಆಲ್ಡೊಸ್ಟೆರೋನ್ 20 ದಾಟಿದ್ದರೆ ಈ ಹೆಜ್ಜೆಯೂ ಬೇಕಿಲ್ಲ. ನಂತರ ಅಡ್ರೀನಲ್‌ನ ಸಿ.ಟಿ. ಮಾಡುತ್ತಾರೆ. ವಯಸ್ಸಾದವರಲ್ಲಿ ಏನೂ ಕೆಲಸ ಮಾಡದ ನಿರುಪದ್ರವಿ ಗಂಟುಗಳು ಅಡ್ರೀನಲ್‌ನಲ್ಲಿ ಕಾಣುವುದು ಸಾಮಾನ್ಯ. ಹಾಗಾಗಿ ಚಿತ್ರ ನಂಬಿ ಕತ್ತರಿಸಿದರೆ ತಪ್ಪು ಗ್ರಂಥಿ ಹೋಗಬಹುದು. ಅದನ್ನು ತಪ್ಪಿಸಲು ಎರಡೂ ಅಡ್ರೀನಲ್ ಅಭಿಧಮನಿಗಳಿಂದ ಬೇರೆ ಬೇರೆ ರಕ್ತ ತೆಗೆದು ಹೋಲಿಸುತ್ತಾರೆ. ಬಲಗಡೆಯ ಅಭಿಧಮನಿ ಚಿಕ್ಕದು, ಕೊಳವೆ ತೂರಿಸುವುದು ಕಷ್ಟ, ಅದನ್ನು ಪಳಗಿದ ಕೈಯಿಂದ ಮಾಡುವ ಕೇಂದ್ರಗಳು ದೊಡ್ಡ ನಗರಗಳಲ್ಲೂ ಕೆಲವೇ. ಯುವಕರಿಗೆ ಇಲ್ಲೊಂದು ಅನುಕೂಲವಿದೆ. ಮೂವತ್ತೈದರ ಒಳಗೆ ಅಂಥ ನಿರುಪದ್ರವಿ ಗಂಟು ಅಪರೂಪವಾದ್ದರಿಂದ, ರಕ್ತದ ಚಿತ್ರ ಸ್ಪಷ್ಟವಾಗಿದ್ದು ಸಿ.ಟಿ.ಯಲ್ಲಿ ಒಂದೇ ಕಡೆ ಗಡ್ಡೆ ಕಂಡು ಇನ್ನೊಂದು ಗ್ರಂಥಿ ಚೊಕ್ಕವಾಗಿದ್ದರೆ ಈ ಕಷ್ಟದ ಹೆಜ್ಜೆಯನ್ನು ದಾಟಿ ನೇರ ಶಸ್ತ್ರಚಿಕಿತ್ಸೆಗೆ ಹೋಗಬಹುದು.

ರೋಗಿ ಇಪ್ಪತ್ತರ ಒಳಗಿನವರಾಗಿದ್ದು, ಅಥವಾ ಮನೆಯಲ್ಲಿ ನಲವತ್ತರೊಳಗೇ ಯಾರಿಗಾದರೂ ಪಾರ್ಶ್ವವಾಯು ಆಗಿದ್ದರೆ ಶಸ್ತ್ರಚಿಕಿತ್ಸೆಯ ಮಾತಿಗೆ ಮೊದಲು ವಂಶವಾಹಿಯ ಪರೀಕ್ಷೆ ಬರಬೇಕು. ಕಾರ್ಟಿಸಾಲ್ ಮತ್ತು ಆಲ್ಡೊಸ್ಟೆರೋನ್ ತಯಾರಿಸುವ ನೆರೆಹೊರೆಯ ಎರಡು ಜೀನುಗಳು ಬೆಸೆದುಕೊಂಡು ಹುಟ್ಟುವ ಒಂದು ಬಗೆಯನ್ನು ರಿಚರ್ಡ್ ಲಿಫ್ಟನ್ ತಂಡ 1992ರಲ್ಲಿ ಗುರುತಿಸಿತು. ಅದರಲ್ಲಿ ಎರಡೂ ಗ್ರಂಥಿಗಳು ಭಾಗಿ. ಕತ್ತರಿಯ ಕೆಲಸವಿಲ್ಲ, ಕಡಿಮೆ ಪ್ರಮಾಣದ ಸ್ಟೀರಾಯ್ಡಿನಿಂದಲೇ ಹಿಡಿತಕ್ಕೆ ಬರುತ್ತದೆ.

ಶಸ್ತ್ರಚಿಕಿತ್ಸೆಯಿಂದ ಏನನ್ನು ನಿರೀಕ್ಷಿಸಬಹುದೆಂಬುದಕ್ಕೆ 2017ರಲ್ಲಿ ಹಲವು ದೇಶಗಳ ಕೇಂದ್ರಗಳು ಸೇರಿ ಪ್ರಕಟಿಸಿದ ಲೆಕ್ಕವಿದೆ. ಒಂದು ಗ್ರಂಥಿ ತೆಗೆದ ಮೇಲೆ ಶೇ. 94 ಮಂದಿಯ ಹಾರ್ಮೋನು ಮತ್ತು ಪೊಟ್ಯಾಸಿಯಮ್ ಸರಿಹೋದವು, ಆದರೆ ಯಾವ ಮಾತ್ರೆಯೂ ಇಲ್ಲದೆ ಒತ್ತಡ ಸಹಜಕ್ಕೆ ಬಂದದ್ದು ಶೇ. 37 ಮಂದಿಯಲ್ಲಿ. ಈ ಎರಡು ಅಂಕಿಗಳ ನಡುವಿನ ಅಂತರಕ್ಕೆ ದೊಡ್ಡ ಕಾರಣ ಕಳೆದುಹೋದ ಕಾಲ: ವರ್ಷಗಟ್ಟಲೆ ಏರಿದ್ದ ಒತ್ತಡ ಗಟ್ಟಿಯಾಗಿಸಿದ ರಕ್ತನಾಳಗಳು ಹಾರ್ಮೋನು ಇಳಿದರೂ ಮೆತ್ತಗಾಗುವುದಿಲ್ಲ. ಪೂರ್ತಿ ಗುಣವಾದವರಲ್ಲಿ ಎಳೆಯರು, ಅದರಲ್ಲೂ ಯುವತಿಯರು ಹೆಚ್ಚು. ಹಿಡಿತಕ್ಕೆ ಬಾರದ ಒತ್ತಡದ ಯುವ ರೋಗಿಗೆ ನಾಲ್ಕನೆಯ ಮಾತ್ರೆ ಬರೆಯುವ ದಿನವೇ, ಇರುವ ಮಾತ್ರೆಗಳ ಮೇಲೆಯೇ, ಅವುಗಳ ಹೆಸರನ್ನು ಚೀಟಿಯಲ್ಲಿ ನಮೂದಿಸಿ ಈ ರಕ್ತ ಕಳಿಸಬೇಕೆಂಬ ವಾದಕ್ಕೆ ಆಧಾರ ಇದು. ಎಂಟು ವರ್ಷ ತಡವಾಗಿ ಬಂದ ಸರಿಯಾದ ಅನುಪಾತ ರೋಗದ ಹೆಸರನ್ನು ಹೇಳಬಲ್ಲದು, ಗಟ್ಟಿಯಾದ ನಾಳಗಳನ್ನು ಹಿಂದಿನಂತೆ ಮಾಡಲಾರದು.